ಅಜ್ಜಿಯ ಮಾತಿನಿಂದ ಪಾಕವಿಧಿ

ಅಂಕೋಲೆಗೆ ಸಮೀಪದ ಬೆಳಂಬಾರದಂತಹ ಕಡಲತೀರದ ಊರುಗಳಲ್ಲಿ ಬಂಗಡೆಯ ಸಾರು ತಿಳಿಯದ ಮನೆಯಿಲ್ಲ. ಪರಸ್ಥಳದಲ್ಲಿರುವ ಮೊಮ್ಮಗಳು ಅದನ್ನು ಕೇಳಿದರೆ ಅಜ್ಜಿಯು ಈಗ ಕಾಗದ ಬರೆಸುವುದಿಲ್ಲ. ಮೊಬೈಲಿನಲ್ಲಿ ಮಾತನಾಡಿ ಧ್ವನಿಯನ್ನೇ ಕಳುಹಿಸುವಳು. ಆ ಮಾತನ್ನು ತೂಕ ಹೊತ್ತುಗಳುಳ್ಳ ಬರಹವನ್ನಾಗಿ ಮಾಡುವ ಕ್ರಮವನ್ನು ಒಂದು ಉದಾಹರಣೆಯಿಂದ ವಿವರಿಸುವೆವು. ಅಜ್ಜಿಯ ಮಾತು ಹೀಗಿದೆಯೆಂದು ಭಾವಿಸೋಣ:

“ನಾಲ್ಕು ಬಂಗಡೆ ತಕೊ ಮಗಾ. ಅರ್ಧ ಕಾಯಿ, ಏಳೆಂಟು ಮೆಣಸು, ಚೂರು ಕೊತ್ತಂಬರಿ, ಅರಿಶಿನ ಹಾಕಿ ನುಣ್ಣಗೆ ಬೀಸು. ನೆನೆಸಿಟ್ಟ ಹುಣಸೆ ಅಡಿಕೆಯಷ್ಟು ಹಾಕು. ಮೀನು ಮುಳುಗುವಷ್ಟು ನೀರು. ಒಂದು ಕುದಿ ಬಂದಮೇಲೆ ಮೀನು ಬಿಡು, ಸೌಟು ಹಾಕಬೇಡ. ಜುಮ್ಮನಕಾಯಿ ಜಜ್ಜಿ ಹಾಕು, ಬೀಜ ತೆಗೆದಿರಬೇಕು ಮತ್ತೆ. ಕಡೆಗೆ ಎಣ್ಣೆ.”

ಮೊದಲು ಇದನ್ನು ಒಂದಕ್ಷರವನ್ನೂ ತಿದ್ದದೆ ಬರೆದುಕೊಳ್ಳತಕ್ಕದ್ದು. ಅನಂತರ ಎಲ್ಲಿ ಪ್ರಶ್ನೆ ಹುಟ್ಟುವುದೋ ಅಲ್ಲಿ ಗೆರೆ ಎಳೆಯಬೇಕು. “ನೆನೆಸಿಟ್ಟ” ಎಂಬ ಒಂದೇ ಮಾತಿನಲ್ಲಿ ಕಾಲು ಗಂಟೆಯ ಕೆಲಸ ಅಡಗಿದೆ; “ಬೀಜ ತೆಗೆದಿರಬೇಕು” ಎಂಬುದೂ ಮೊದಲೇ ಆಗಬೇಕಾದುದು. ಬಾಯಿಮಾತಿನಲ್ಲಿ ಕಡೆಗೆ ಬಂದುದನ್ನು ಬರಹದಲ್ಲಿ ಅದರ ಸ್ಥಾನಕ್ಕೆ ತರಬೇಕು. ಉಪ್ಪಿನ ಹೆಸರೇ ಇಲ್ಲವೆಂಬುದನ್ನೂ ಗಮನಿಸಿರಿ. ಕೈಗೆ ರೂಢಿಯಾದುದು ಬಾಯಿಗೆ ಬರುವುದಿಲ್ಲ.

ಇನ್ನು ಅಳತೆ. “ಅಡಿಕೆಯಷ್ಟು” ಎಂದರೆ ಸುಲಿದ ಅಡಿಕೆಯೋ, ಸಿಪ್ಪೆಸಹಿತವಾದ ಹಸಿ ಅಡಿಕೆಯೋ? ಎರಡನೆಯದು ಮೊದಲನೆಯದಕ್ಕಿಂತ ಎಷ್ಟೋ ಪಾಲು ದೊಡ್ಡದು. ತಪ್ಪು ತಿಳಿದರೆ ಸಾರು ಬಾಯಿಗಿಡಲಾರದಷ್ಟು ಹುಳಿಯಾಗುವುದು. ಆದುದರಿಂದ ಊಹಿಸದೆ ಅಜ್ಜಿಯನ್ನೇ ಕೇಳಬೇಕು. ಇಲ್ಲಿ ಸುಲಿದ ಅಡಿಕೆ ಎಂದಳೆಂದು ಇಟ್ಟುಕೊಳ್ಳೋಣ; ಹುಣಸೆ ಸುಮಾರು 10 ಗ್ರಾಂ ಆಯಿತು. ಉಪ್ಪಿಗೆ ಬೇರೊಂದು ಉಪಾಯವುಂಟು. ಅಡಿಗೆಗೆ ಮುಂಚೆ ಉಪ್ಪಿನ ಡಬ್ಬಿಯನ್ನು ತೂಗಿ, ಅಜ್ಜಿಯು ಎಂದಿನಂತೆ ಹಾಕಿದ ಮೇಲೆ ಪುನಃ ತೂಗಿದರೆ, ಕಡಿಮೆಯಾದುದೇ ಅವಳ ಅಳತೆ. ಅರಿಶಿನದ ಚಿಟಿಕೆಯನ್ನು ಮನೆಯ ತಕ್ಕಡಿ ತೋರಿಸಲಾರದು. ಹತ್ತು ಚಿಟಿಕೆಗಳನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಬೇಕು. ಮುಷ್ಟಿ, ಚಿಟಿಕೆಗಳು ಅಜ್ಜಿಯ ಕೈಯವೇ ಆಗಿರಬೇಕು, ನಮ್ಮವಲ್ಲ.

ಹೊತ್ತನ್ನು ಬರೆಯುವಾಗ ನಿಮಿಷದ ಪಕ್ಕದಲ್ಲಿ ಗುರುತನ್ನೂ ಬರೆಯಬೇಕು. ಉರಿ, ಪಾತ್ರೆಗಳು ಬೇರೆಯಾದರೆ ನಿಮಿಷವು ಸುಳ್ಳಾಗಬಹುದು, ಗುರುತು ಸುಳ್ಳಾಗದು. ಮಣ್ಣಿನ ಗಡಿಗೆಯು ಒಲೆಯಿಂದ ಇಳಿಸಿದ ಮೇಲೂ ಬಿಸಿಯನ್ನು ಹಿಡಿದಿಟ್ಟು ಮೀನನ್ನು ಬೇಯಿಸುತ್ತಿರುವುದು. ತೆಳುವಾದ ಸ್ಟೀಲಿನ ಪಾತ್ರೆ ಬೇಗನೆ ಆರುವುದು. ಆದುದರಿಂದ ಪಾತ್ರೆ ಯಾವುದೆಂಬುದನ್ನೂ ಬರೆಯಬೇಕು. “ಮುಳುಗುವಷ್ಟು ನೀರು” ಎಂಬುದೂ ಪಾತ್ರೆಯ ಅಗಲವನ್ನೇ ಅವಲಂಬಿಸಿದೆ.

ಹೀಗೆ ಶೋಧಿಸಿದ ಮೇಲೆ ಬರಹವು ಈ ರೂಪವನ್ನು ತಾಳುವುದು:

ಸಾಮಗ್ರಿ: ಶುಚಿಮಾಡಿದ ಬಂಗಡೆ 4 (ಸುಮಾರು 500 ಗ್ರಾಂ), ಕಾಯಿತುರಿ 150 ಗ್ರಾಂ, ಬ್ಯಾಡಗಿ ಮೆಣಸು 8, ಕೊತ್ತಂಬರಿ ಬೀಜ 2 ಟೀ ಚಮಚ, ಅರಿಶಿನ ಕಾಲು ಟೀ ಚಮಚ, ಹುಣಸೆ 10 ಗ್ರಾಂ, ಒಣ ಜುಮ್ಮನಕಾಯಿ 8, ಉಪ್ಪು ಒಂದೂವರೆ ಟೀ ಚಮಚ, ತೆಂಗಿನೆಣ್ಣೆ 2 ಟೀ ಚಮಚ, ಒಟ್ಟು ನೀರು ಅರ್ಧ ಲೀಟರ್. ಅಗಲ ಬಾಯಿಯ ಮಣ್ಣಿನ ಗಡಿಗೆ.

1. ಹುಣಸೆಯನ್ನು ಈ ನೀರಿನಲ್ಲಿ ಸ್ವಲ್ಪ ತೆಗೆದು 15 ನಿಮಿಷ ನೆನೆಸಿ, ಹಿಂಡಿ ರಸ ತೆಗೆಯಿರಿ. ಜುಮ್ಮನಕಾಯಿಯ ಕಪ್ಪು ಬೀಜಗಳನ್ನು ಬಿಸುಟು ಸಿಪ್ಪೆಯನ್ನು ಮಾತ್ರ ಜಜ್ಜಿರಿ.

2. ಕಾಯಿ, ಮೆಣಸು, ಕೊತ್ತಂಬರಿ, ಅರಿಶಿನಗಳನ್ನು ಸ್ವಲ್ಪ ನೀರು ಕೂಡಿಸಿ ರುಬ್ಬಿರಿ. ಬೆರಳಲ್ಲಿ ಉಜ್ಜಿದರೆ ತರಿ ಸಿಗಬಾರದು.

3. ಅದನ್ನು ಹುಣಸೆರಸ, ಉಪ್ಪು, ಉಳಿದ ನೀರಿನೊಡನೆ ಗಡಿಗೆಯಲ್ಲಿ ಮಧ್ಯಮ ಉರಿಗೆ ಇಡಿರಿ. ಮೇಲ್ಮೈಯ ನಡುವೆಯೂ ಗುಳ್ಳೆ ಎದ್ದ ಮೇಲೆ 3 ನಿಮಿಷ ಕುದಿಸಿರಿ.

4. ಮೀನು, ಜುಮ್ಮನಕಾಯಿಗಳನ್ನು ಹಾಕಿ ಸಣ್ಣ ಉರಿಯಲ್ಲಿ 7 ನಿಮಿಷ ಬೇಯಿಸಿರಿ. ಸೌಟು ಆಡಿಸಿದರೆ ಮೀನು ಮುರಿಯುವುದು. ಗಡಿಗೆಯನ್ನೇ ಬಟ್ಟೆಯಿಂದ ಹಿಡಿದು ತಿರುಗಿಸಿರಿ. ಮಾಂಸವು ಮುಳ್ಳಿನಿಂದ ಸಲೀಸಾಗಿ ಬಿಟ್ಟು, ಒಳಗೆಲ್ಲಿಯೂ ಹಸಿ ಹೊಳಪು ಉಳಿಯದಿದ್ದರೆ ಬೆಂದಂತೆ. ಇಲ್ಲವಾದರೆ ಇನ್ನೂ 2 ನಿಮಿಷ ಬಿಡಿರಿ.

5. ಇಳಿಸಿ, ಹಸಿ ಎಣ್ಣೆಯನ್ನು ಮೇಲೆ ಹಾಕಿ, 15 ನಿಮಿಷ ಮುಚ್ಚಿಡಿರಿ.

ಕಡೆಯದಾಗಿ ಪರೀಕ್ಷೆ. ಅಜ್ಜಿಯ ಧ್ವನಿಯನ್ನು ಕೇಳದವರೊಬ್ಬರು ಈ ಬರಹವನ್ನು ಮಾತ್ರ ನೋಡಿ ಅಡಿಗೆ ಮಾಡಲಿ. ಬರೆದವರು ಬಳಿಯಲ್ಲಿದ್ದು ಬಾಯಿ ಬಿಡಬಾರದು. ಅವರು ಎಲ್ಲಿ ನಿಂತು “ಎಷ್ಟು?” “ಯಾವಾಗ?” ಎಂದು ಕೇಳುವರೋ ಆ ಸಾಲನ್ನು ತಿದ್ದಬೇಕು. ಎಷ್ಟು ತಿದ್ದಿದರೂ ಹೊಸ ಹುಣಸೆಗೂ ಹಳೆಯ ಹುಣಸೆಗೂ ಹುಳಿ ಒಂದೇ ಆಗದು, ಮೀನಿನ ಗಾತ್ರವೂ ದಿನಕ್ಕೊಂದು ಬಗೆ. ಆದುದರಿಂದ ಮೀನು ಹಾಕುವ ಮೊದಲು “ಸಾರಿನ ರುಚಿ ನೋಡಿರಿ” ಎಂಬ ಮಾತನ್ನು ಮೂರನೆಯ ಸಾಲಿನ ಕೊನೆಗೆ ಸೇರಿಸಿಕೊಳ್ಳುವುದು ಯುಕ್ತ.