ಗೋವಿನಜೋಳದ ಜೊತೆ ಬೆಳೆದ ಪಾಠ

ಕೃಷಿ ಪದವಿ ಮುಗಿಸಿದ ಮೇಲೆ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ ಸ್ವಯಂಸೇವಕಿಯಾಗಿ ಪಾಠ ಮಾಡಿದೆ. ‘ಬೀಜ ಬೆಳೆಯಾಗುವ ಬಗೆ’ ಅನ್ನುವುದನ್ನು ಒಂದೇ ಪೀರಿಯಡ್‌ನಲ್ಲಿ ಹಲಗೆಯ ಮೇಲೆ ಚಿತ್ರ ಬಿಡಿಸಿ ಮುಗಿಸಬಹುದು. ಆದರೆ ಈ ಭಾಗದಲ್ಲಿ ಶಾಲೆಯ ಬಾಗಿಲು ತೆರೆಯುವ ಹೊತ್ತಿಗೇ ಮುಂಗಾರು ಗೋವಿನಜೋಳದ ಬಿತ್ತನೆ. ದಸರಾ ರಜೆಯ ಆಸುಪಾಸಿನಲ್ಲಿ ಕೊಯ್ಲು. ಹಾಗಾಗಿ ಪಾಠವನ್ನು ಮೂರು ಭಾಗ ಮಾಡಿ, ಹೊಲದ ಜೊತೆಗೇ ನಡೆಸಿದೆ.

ಮೊದಲ ಭಾಗ ಜೂನ್‌ನಲ್ಲಿ, ತರಗತಿಯೊಳಗೆ. ಅಂಗಡಿಯ ಪೊಟ್ಟಣದ ಬೀಜಕ್ಕೆ ಔಷಧಿ ಲೇಪಿಸಿ ಬಣ್ಣ ಹಚ್ಚಿರುತ್ತಾರೆ. ಅದನ್ನು ಮಕ್ಕಳ ಕೈಗೆ ಕೊಡಲೇಬಾರದು. ಮನೆಯಲ್ಲಿಟ್ಟ, ಔಷಧಿ ಸೋಕದ ಕಾಳನ್ನೇ ತರಿಸಿದೆ. ಒದ್ದೆ ಬಟ್ಟೆಯ ಮೇಲೆ ಸಾಲಿಗೆ 10ರಂತೆ 100 ಕಾಳು ಜೋಡಿಸಿ, ಬಟ್ಟೆಯನ್ನು ಸಡಿಲವಾಗಿ ಸುತ್ತಿ, ಕತ್ತಲ ಮೂಲೆಯಲ್ಲಿಟ್ಟೆವು. ಬೇರೆ ಹತ್ತು ಕಾಳನ್ನು ನೀರು ತುಂಬಿದ ಲೋಟದಲ್ಲಿ ಮುಳುಗಿಸಿದೆವು.

ಬೀಜ ಮೊಳೆಯಲು ಏನು ಬೇಕು ಎಂದರೆ ಮಕ್ಕಳು ಮೊದಲು ಹೇಳುವುದು ಬಿಸಿಲು. ನಾಲ್ಕನೆಯ ದಿನ ಬಟ್ಟೆ ಬಿಚ್ಚಿದರೆ ಕತ್ತಲಲ್ಲೇ ಬೇರು, ಮೊಳಕೆ ಎರಡೂ ಬಂದಿದ್ದವು. ಲೋಟದ ಕಾಳು ಮಾತ್ರ ಊದಿಕೊಂಡು ಕೊಳೆತ ವಾಸನೆ ಬರುತ್ತಿತ್ತು. ಮೊಳೆಯಲು ಬೇಕಾದದ್ದು ನೀರು, ಗಾಳಿ, ಬೆಚ್ಚಗಿನ ಹದ. ಅಲ್ಲಿಯವರೆಗೆ ಆಹಾರ ಕಾಳಿನೊಳಗೇ ಇರುತ್ತದೆ. ಬಿಸಿಲಿನ ಕೆಲಸ ಶುರುವಾಗುವುದು ಹಸಿರೆಲೆ ಬಂದ ಮೇಲೆ. ಬಿತ್ತಿದ ಮರುದಿನ ನೀರು ನಿಂತ ಹೊಲದಲ್ಲಿ ಸಾಲು ಏಕೆ ತಪ್ಪುತ್ತದೆ ಎಂದು ಆಮೇಲೆ ನಾನು ವಿವರಿಸಬೇಕಾಗಲಿಲ್ಲ.

ಏಳನೆಯ ದಿನ ಎಣಿಕೆ. ಬೇರು ಮತ್ತು ಮೊಳಕೆ ಎರಡೂ ಸರಿಯಾಗಿದ್ದರೆ ಮಾತ್ರ ಲೆಕ್ಕಕ್ಕೆ. ಪ್ರಮಾಣಿತ ಹೈಬ್ರಿಡ್ ಗೋವಿನಜೋಳದ ಬೀಜ 100ಕ್ಕೆ ಕನಿಷ್ಠ 90 ಮೊಳೆಯಬೇಕು. ಮನೆಯ ಕಾಳೂ ಚೆನ್ನಾಗಿಯೇ ಮೊಳೆತಾಗ ಒಬ್ಬ ಹುಡುಗ ಕೇಳಿದ: “ಮತ್ತ ನಮ್ಮಪ್ಪ ವರ್ಷಾ ವರ್ಷಾ ಬೀಜ ಯಾಕ ಕೊಳ್ತಾರ್ರೀ ಟೀಚರ್?” ಮೊಳಕೆ ಬರುವುದು ಬೇರೆ, ಬೆಳೆ ಬರುವುದು ಬೇರೆ. ಹೈಬ್ರಿಡ್ ಬೆಳೆಯ ಕಾಳನ್ನೇ ತಿರುಗಿ ಬಿತ್ತಿದರೆ ಗಿಡಗಳು ಒಂದು ಎತ್ತರ ಒಂದು ಗಿಡ್ಡವಾಗಿ ಬೆಳೆಯುತ್ತವೆ, ಇಳುವರಿ ಕುಸಿಯುತ್ತದೆ. ಆ ಪ್ರಶ್ನೆಯೇ ಎರಡನೆಯ ಭಾಗಕ್ಕೆ ದಾರಿಯಾಯಿತು.

ಆಗಸ್ಟ್‌ನಲ್ಲಿ, ಬಿತ್ತಿ ಎರಡು ತಿಂಗಳಾಗುವ ಹೊತ್ತಿಗೆ, ರೈತರೊಬ್ಬರ ಒಪ್ಪಿಗೆ ಪಡೆದು ಹೊಲಕ್ಕೆ ಹೋದೆವು. ಗಿಡದ ತುದಿಯ ಸೂಲಂಗಿ ಗಂಡು ಹೂ. ನಡುವಿನ ತೆನೆ ಹೆಣ್ಣು ಹೂ. ತೆನೆಯಿಂದ ಇಳಿಬಿಟ್ಟ ಕೂದಲಿನ ಒಂದೊಂದು ಎಳೆಯೂ ಒಳಗೆ ಒಂದೊಂದು ಎಳೆಗಾಳಿಗೆ ಅಂಟಿರುತ್ತದೆ. ಸೂಲಂಗಿಯಿಂದ ಉದುರಿದ ಪರಾಗ ಆ ಎಳೆಯ ಮೇಲೆ ಬಿದ್ದು, ಎಳೆಯೊಳಗಿಂದಲೇ ಕೆಳಗಿಳಿದರೆ ಕಾಳು ಕಟ್ಟುತ್ತದೆ. ಎಳೆ ತಪ್ಪಿದರೆ ಕಾಳೂ ತಪ್ಪಿತು. ಪರಾಗ ಪಕ್ಕದ ಗಿಡದಿಂದಲೂ ಬರುತ್ತದೆ. ಹೈಬ್ರಿಡ್ ಬೀಜ ಮಾಡುವವರು ತಾಯಿ ಸಾಲಿನ ಸೂಲಂಗಿ ಕೀಳುವುದು ಬೇರೆ ತಳಿಯ ಪರಾಗವೇ ಬೀಳಲಿ ಎಂದು.

ಇದನ್ನು ಕಣ್ಣಾರೆ ತೋರಿಸಲು ಸುಲಭ ದಾರಿಯಿದೆ. ಕೂದಲು ಬಂದು ಸುಮಾರು ಒಂದು ವಾರವಾದ ತೆನೆಯನ್ನು ಕಿತ್ತು, ಎಳೆಗಳು ಹರಿಯದಂತೆ ಸಿಪ್ಪೆ ಬಿಡಿಸಿ, ಮೆಲ್ಲಗೆ ಅಲುಗಾಡಿಸಬೇಕು. ಪರಾಗ ಮುಟ್ಟಿ ಫಲಿತ ಕಾಳಿನ ಎಳೆ ಕಳಚಿ ಬೀಳುತ್ತದೆ. ಉಳಿದವು ಹಾಗೇ ನೇತಾಡುತ್ತವೆ. ನಾವು ಅಲುಗಾಡಿಸಿದ ತೆನೆಯ ತುದಿಯಲ್ಲಿ ಒಂದು ಗೊಂಚಲು ಉಳಿಯಿತು. “ಇಲ್ಲಿ ಕಾಳು ಆಗಂಗಿಲ್ಲ” ಎಂದು ಹುಡುಗಿಯೊಬ್ಬಳು ಬೆರಳಿಟ್ಟು ತೋರಿಸಿದಳು. ಇನ್ನೊಂದು ಗಿಡದಲ್ಲಿ, ಕೂದಲು ಇನ್ನೂ ಹೊರಬರದ ತೆನೆಗೆ ಕಾಗದದ ಚೀಲ ಕಟ್ಟಿ, ಕೊಯ್ಲಿನವರೆಗೆ ಬಿಟ್ಟೆವು.

ಮೂರನೆಯ ಭಾಗ ಕೊಯ್ಲಿನಲ್ಲಿ. ಚೀಲ ಕಟ್ಟಿದ ತೆನೆಯಲ್ಲಿ ಇದ್ದದ್ದು ಬರೀ ದಿಂಡು. ಪಕ್ಕದ ತುಂಬಿದ ತೆನೆಯಲ್ಲಿ 14 ಸಾಲು, ಸಾಲಿಗೆ 30 ಕಾಳು: 420. ಇನ್ನೂ ಕೆಲವು ತೆನೆಗಳಲ್ಲಿ ನಡುನಡುವೆ ಹಲ್ಲು ಬಿದ್ದಂತೆ ಖಾಲಿ. ಹೂವಾಡುವಾಗ ಮಳೆ ಕೈಕೊಟ್ಟರೆ ಕೂದಲು ತಡವಾಗಿ ಹೊರಬರುತ್ತದೆ. ಅಷ್ಟರಲ್ಲಿ ಸೂಲಂಗಿಯ ಪರಾಗ ಉದುರಿ ಮುಗಿದಿರುತ್ತದೆ. ಖಾಲಿ ಜಾಗಕ್ಕೆ ಇದೊಂದೇ ಕಾರಣವಲ್ಲ, ಹುಳು ಎಳೆ ಕಡಿದರೂ ಹೀಗಾಗುತ್ತದೆ. ಹಾಗಾಗಿ ಹೂವಿನ ವಾರದಲ್ಲಿ ಮಳೆ ಬಂತೇ, ಕೂದಲು ಕಡಿದಿತ್ತೇ ಎಂದು ಮಕ್ಕಳು ಆಗಸ್ಟ್‌ನಲ್ಲೇ ಬರೆದಿಟ್ಟಿರಬೇಕು. ಕೊಯ್ಲಿನ ದಿನ ನೋಡಿ ಹೇಳಲಾಗದು.

ನಾನು ಕಲಿತದ್ದು ಇಷ್ಟು: ಬೀಜದ ಪಾಠಕ್ಕೆ ಮೊಳಕೆ ಆರಂಭ ಮಾತ್ರ, ಹೂವೇ ಅದರ ನಡುಗಂಬ. ನಮ್ಮ ಶಾಲೆಗಳಲ್ಲಿ ಪಾಠ ಹೆಚ್ಚಾಗಿ ಮೊಳಕೆಗೇ ನಿಂತುಬಿಡುತ್ತದೆ. ಶಿಕ್ಷಕರಲ್ಲಿ ನನ್ನ ವಿನಂತಿ ಒಂದೇ. ಶಾಲೆಯ ಪಕ್ಕದ ಹೊಲದ ಬಿತ್ತನೆಯ ದಿನವನ್ನು ಜೂನ್‌ನಲ್ಲೇ ಗೋಡೆಗೆ ಬರೆದಿಡಿ, ಹೂವಾಡುವ ವಾರಕ್ಕೆ ಒಂದು ಪೀರಿಯಡ್ ಈಗಲೇ ಮೀಸಲಿಡಿ.