ಸಾಂಪ್ರದಾಯಿಕ ಚಿತ್ರದಲ್ಲಿ ನಿಜಮುಖ

ಮೈಸೂರು ಶೈಲಿಯ ಚಿತ್ರಗಳಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಮುಖವನ್ನು ಗುರುತಿಸಬಹುದು. ಆದರೂ ಅದು ಸುತ್ತಲಿನ ಚಿತ್ರದಿಂದ ಬೇರ್ಪಟ್ಟು ನಿಲ್ಲುವುದಿಲ್ಲ. ಇದರ ಮರ್ಮವೇನು?

ನಿಜವ್ಯಕ್ತಿಯ ಮುಖವನ್ನು ಇಂತಹ ಚಿತ್ರಕ್ಕೆ ಇಳಿಸುವಾಗ, ಚಿತ್ರದ ಕತ್ತಿನ ಓರೆಗೆ ಹೊಂದುವ ಛಾಯಾಚಿತ್ರವನ್ನೇ ಆರಿಸಬೇಕು. ಅದರ ಮೇಲೂ ಹಲಗೆಯ ಮೇಲೂ ಸಮಸಂಖ್ಯೆಯ ಚೌಕಗಳನ್ನೆಳೆದು ಕಣ್ಣು, ಮೂಗು, ಬಾಯಿಗಳ ನಡುವಣ ಅಂತರಗಳನ್ನು ಸಾಗಿಸಬೇಕು. ಹೋಲಿಕೆಯು ಮುಖ್ಯವಾಗಿ ಅಡಗಿರುವುದು ಈ ಅಂತರಗಳಲ್ಲಿಯೇ. ಛಾಯಾಚಿತ್ರದ ಕಡುನೆರಳನ್ನು ಮಾತ್ರ ಕೈಬಿಡತಕ್ಕದ್ದು; ಏಕೆಂದರೆ ಈ ಶೈಲಿಯಲ್ಲಿ ರೂಪವನ್ನು ತೋರುವುದು ನವುರಾದ ರೇಖೆ ಮತ್ತು ತೆಳುಛಾಯೆ. ಕೈಗಳಿಗೆ ಬಳಸಿದ ಬಣ್ಣ, ಕುಂಚಗಳನ್ನೇ ಮುಖಕ್ಕೂ ಬಳಸಬೇಕು.

ಮುಗಿದ ಬಳಿಕ ದೂರ ನಿಂತು, ಕಣ್ಣನ್ನು ಅರೆಮುಚ್ಚಿ ನೋಡಿರಿ. ಮುಖವೊಂದೇ ಅಂಟಿಸಿದಂತೆ ಕಂಡರೆ ನೆರಳು ಹೆಚ್ಚಾಯಿತೆಂದು ತಿಳಿಯಬೇಕು. ವ್ಯಕ್ತಿಯ ಗುರುತೇ ಹತ್ತದಿದ್ದರೆ ಅಂತರ ತಪ್ಪಿತೆಂದು ತಿಳಿಯಬೇಕು.