ನಲವತ್ತು ದಾಟಿದವರಿಗೆ ಸಕ್ಕರೆ ಪರೀಕ್ಷೆ: ಶಿಬಿರದ ಚೀಟಿಯ ನಂತರ ಏನು?

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು, ಯಂತ್ರದಲ್ಲಿ ಕಾಣುವ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಡುವ ಸಕ್ಕರೆ ತಪಾಸಣೆ ಇಂದು ಬಹುತೇಕ ಗ್ರಾಮಗಳಿಗೆ ಪರಿಚಿತವಾಗಿದೆ. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿಯೂ, ರಾಜ್ಯದ ಗೃಹ ಆರೋಗ್ಯ ಯೋಜನೆಯ ಮನೆ ಭೇಟಿಗಳಲ್ಲಿಯೂ 30 ವರ್ಷ ದಾಟಿದವರಿಗೆ ಈ ಸೌಲಭ್ಯ ಲಭ್ಯವಿದೆ. ವಯಸ್ಸು ಏರಿದಂತೆ ಅಪಾಯವೂ ಏರುವುದರಿಂದ ನಲವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆಯನ್ನು ತಪ್ಪಿಸಿಕೊಳ್ಳಬಾರದು. ಆದರೆ ಶಿಬಿರದಲ್ಲಿ ಹೆಚ್ಚಿನ ಅಂಕಿ ಕಂಡವರು ಎರಡನೆಯ ಪರೀಕ್ಷೆಗೆ ಹೋಗದೆ ಉಳಿದರೆ ಮೊದಲನೆಯ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಆ ಎರಡನೆಯ ಹೆಜ್ಜೆಯನ್ನೂ, ಅದರ ನಂತರ ಊಟದ ತಟ್ಟೆಯಲ್ಲಿ ಆಗಬೇಕಾದ ಬದಲಾವಣೆಯನ್ನೂ ಈ ಪಾಠದಲ್ಲಿ ವಿವರಿಸಲಾಗಿದೆ.

ಲಕ್ಷಣ ಕಾಣುವವರೆಗೆ ಏಕೆ ಕಾಯಬಾರದು

ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ ವಿಸರ್ಜನೆ, ಮೂತ್ರಕ್ಕೆ ಇರುವೆ ಮುತ್ತುವುದು ಇವುಗಳನ್ನು ಸಕ್ಕರೆ ಕಾಯಿಲೆಯ ಗುರುತುಗಳೆಂದು ನಮ್ಮ ಹಿರಿಯರು ತಿಳಿದಿದ್ದರು. ಈ ಗುರುತುಗಳು ಸುಳ್ಳಲ್ಲ, ಆದರೆ ಬಹಳ ತಡವಾಗಿ ಬರುತ್ತವೆ. ಮೂತ್ರಪಿಂಡವು ರಕ್ತವನ್ನು ಸೋಸುವಾಗ ಸಕ್ಕರೆಯನ್ನು ಮರಳಿ ರಕ್ತಕ್ಕೇ ಸೇರಿಸುತ್ತದೆ. ರಕ್ತದ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದಾಗ ಮಾತ್ರ ಅದಕ್ಕೆ ಈ ಕೆಲಸ ಮೀರಿಹೋಗಿ ಸಕ್ಕರೆಯು ಮೂತ್ರದಲ್ಲಿ ಹೊರಬೀಳುತ್ತದೆ. ಸಕ್ಕರೆಯ ಜೊತೆಗೆ ನೀರೂ ಹೋಗುವುದರಿಂದ ಬಾಯಾರಿಕೆ ಹುಟ್ಟುತ್ತದೆ.

ಹೀಗಾಗಿ 140 ಅಥವಾ 160ರ ಆಸುಪಾಸಿನಲ್ಲಿ ವರ್ಷಗಟ್ಟಲೆ ಇರುವ ವ್ಯಕ್ತಿಗೆ ಯಾವ ತೊಂದರೆಯೂ ತೋರದಿರಬಹುದು. ಹೊಲದ ಕೆಲಸ ಎಂದಿನಂತೆ ಸಾಗುತ್ತದೆ. ಆದರೆ ಕಣ್ಣಿನ ಹಿಂಪದರದ, ಮೂತ್ರಪಿಂಡದ ಮತ್ತು ಪಾದದ ನರಗಳ ಸಣ್ಣ ರಕ್ತನಾಳಗಳು ಅಷ್ಟರಲ್ಲಿಯೇ ಹಾನಿಗೊಳ್ಳತೊಡಗಿರಬಹುದು. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯದೆ ಗಾಯ ಹುಣ್ಣಾಗುವುದು ಇದೇ ಕಾರಣದಿಂದ. ಆದುದರಿಂದ ದೇಹ ಗಟ್ಟಿಯಾಗಿದೆ ಎಂಬುದು ಪರೀಕ್ಷೆಯಿಂದ ದೂರ ಉಳಿಯಲು ಕಾರಣವಾಗಲಾರದು.

ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಕಾಯಿಲೆ ಇದ್ದವರು, ಸೊಂಟದ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್ ಮತ್ತು ಮಹಿಳೆಯರಲ್ಲಿ 80 ಸೆಂಟಿಮೀಟರ್ ಮುಟ್ಟಿದವರು, ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದ್ದ ಮಹಿಳೆಯರು ವಿಶೇಷವಾಗಿ ಗಮನ ಕೊಡಬೇಕು. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವವರಿಗೂ ಅಪಾಯವಿದೆ.

ಚೀಟಿಯ ಅಂಕಿಯನ್ನು ಓದುವ ಬಗೆ

ಶಿಬಿರದಲ್ಲಿ ಸಾಮಾನ್ಯವಾಗಿ ನಡೆಯುವುದು ಯಾವುದೇ ಹೊತ್ತಿನ ಪರೀಕ್ಷೆ. ವ್ಯಕ್ತಿ ಊಟ ಮಾಡಿದ್ದರೂ, ಮಾಡದಿದ್ದರೂ ರಕ್ತ ತೆಗೆಯಲಾಗುತ್ತದೆ. ಇಲ್ಲಿ 140ಕ್ಕಿಂತ ಹೆಚ್ಚು ಬಂದವರನ್ನು ಮುಂದಿನ ಪರೀಕ್ಷೆಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುತ್ತಾರೆ. ಇದು ಎಚ್ಚರಿಕೆಯ ಅಂಕಿಯೇ ಹೊರತು ಕಾಯಿಲೆ ಇದೆ ಎಂಬ ತೀರ್ಮಾನವಲ್ಲ.

ತೀರ್ಮಾನಕ್ಕೆ ಬರುವುದು ಖಾಲಿ ಹೊಟ್ಟೆಯ ಪರೀಕ್ಷೆಯಿಂದ. ಕನಿಷ್ಠ ಎಂಟು ಗಂಟೆ ಏನನ್ನೂ ತಿನ್ನದೆ, ನೀರನ್ನು ಮಾತ್ರ ಕುಡಿದು, ಬೆಳಿಗ್ಗೆ ತೋಳಿನ ರಕ್ತನಾಳದಿಂದ ರಕ್ತ ಕೊಡಬೇಕು. ಫಲಿತಾಂಶವು 100ಕ್ಕಿಂತ ಕಡಿಮೆ ಇದ್ದರೆ ಸಹಜ. 100ರಿಂದ 125ರವರೆಗೆ ಇದ್ದರೆ ಕಾಯಿಲೆಯ ಹೊಸ್ತಿಲು. 126 ಅಥವಾ ಅದಕ್ಕಿಂತ ಹೆಚ್ಚು ಇದ್ದು, ಮತ್ತೊಂದು ದಿನದ ಪರೀಕ್ಷೆಯಲ್ಲಿಯೂ ಹಾಗೆಯೇ ಬಂದರೆ ವೈದ್ಯರು ಸಕ್ಕರೆ ಕಾಯಿಲೆ ಎಂದು ನಿರ್ಧರಿಸುತ್ತಾರೆ. ಯಾವುದೇ ಹೊತ್ತಿನ ಪರೀಕ್ಷೆಯಲ್ಲಿ 200 ದಾಟಿದ್ದು, ಬಾಯಾರಿಕೆ, ತೂಕ ಇಳಿಕೆ ಮುಂತಾದ ಲಕ್ಷಣಗಳೂ ಇದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಅದರೊಂದಿಗೆ ವಾಂತಿ ಅಥವಾ ಮಂಪರು ಕಂಡುಬಂದರೆ ಅಂದೇ ಆಸ್ಪತ್ರೆಗೆ ಸೇರಿಸಬೇಕು.

ಪರೀಕ್ಷೆಯಲ್ಲಿ ನುಸುಳುವ ಕೆಲವು ತಪ್ಪುಗಳನ್ನು ಸದಸ್ಯರು ತಿಳಿದಿರುವುದು ಒಳ್ಳೆಯದು. ಬೆಲ್ಲ, ಕಬ್ಬು ಅಥವಾ ಹಣ್ಣು ಮುಟ್ಟಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಕೈಯನ್ನು ಸೋಪಿನಿಂದ ತೊಳೆದು ಒಣಗಿಸಿದ ಮೇಲೆಯೇ ರಕ್ತ ತೆಗೆಯಬೇಕು. ಪಟ್ಟಿಗಳ ಡಬ್ಬಿಯ ಮುಚ್ಚಳ ತೆರೆದಿಟ್ಟು ತೇವ ತಗುಲಿದರೆ, ಅಥವಾ ಅವುಗಳ ಅವಧಿ ಮುಗಿದಿದ್ದರೆ ಫಲಿತಾಂಶವನ್ನು ನಂಬಲಾಗದು. ಬೆಳಿಗ್ಗೆ ಸಕ್ಕರೆ ಹಾಕಿದ ಚಹಾ ಕುಡಿದು ಬಂದವರನ್ನು ಖಾಲಿ ಹೊಟ್ಟೆಯವರೆಂದು ಬರೆದುಕೊಳ್ಳುವುದೂ ನಡೆಯುತ್ತದೆ. ಏನಾದರೂ ತಿಂದಿರಾ ಎಂಬುದರ ಜೊತೆಗೆ ಏನಾದರೂ ಕುಡಿದಿರಾ ಎಂದೂ ಕೇಳಬೇಕು.

ಒಂದು ನಿದರ್ಶನ

52 ವರ್ಷದ ರೈತರೊಬ್ಬರು ಶಿಬಿರಕ್ಕೆ ಬಂದರೆಂದು ಭಾವಿಸೋಣ. ಬೆಳಿಗ್ಗೆ 9 ಗಂಟೆಗೆ ಊಟ ಮಾಡಿದ್ದಾರೆ, 11.30ಕ್ಕೆ ರಕ್ತ ಕೊಟ್ಟಿದ್ದಾರೆ, ಅಂಕಿ 172 ಬಂದಿದೆ. "ಈಗತಾನೆ ಉಂಡು ಬಂದೆ, ಅದಕ್ಕೇ ಜಾಸ್ತಿ ಬಂದಿದೆ" ಎಂದು ಹೇಳಿ ಅವರು ಚೀಟಿಯನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಉಂಡ ಮೇಲೆ ಸಕ್ಕರೆ ಏರುವುದು ನಿಜ. ಆದರೆ ಆರೋಗ್ಯವಂತರಲ್ಲಿ ಊಟವಾಗಿ ಎರಡು ಗಂಟೆ ಕಳೆಯುವಷ್ಟರಲ್ಲಿ ಅದು ಸಾಮಾನ್ಯವಾಗಿ 140ರ ಒಳಗೆ ಇಳಿದಿರುತ್ತದೆ. ಅವರ ಸಮಾಧಾನಕ್ಕೆ ಆಧಾರವಿಲ್ಲ.

ಆಶಾ ಕಾರ್ಯಕರ್ತೆಯ ಒತ್ತಾಯದಿಂದ ಅವರು ಮುಂದಿನ ವಾರ ಆರೋಗ್ಯ ಕೇಂದ್ರಕ್ಕೆ ಹೋದರೆಂದುಕೊಳ್ಳೋಣ. ಖಾಲಿ ಹೊಟ್ಟೆಯಲ್ಲಿ 118 ಬಂದಿದೆ. 75 ಗ್ರಾಂ ಗ್ಲೂಕೋಸ್ ಕರಗಿಸಿದ ನೀರು ಕುಡಿಸಿ ಎರಡು ಗಂಟೆಯ ನಂತರ ನೋಡಿದಾಗ 162 ಬಂದಿದೆ. ಈ ಎರಡನೆಯ ಪರೀಕ್ಷೆಯಲ್ಲಿ 140ರಿಂದ 199ರವರೆಗಿನ ಅಂಕಿಯೂ ಹೊಸ್ತಿಲನ್ನೇ ಸೂಚಿಸುತ್ತದೆ. ಅವರಿಗೆ ಇನ್ನೂ ಕಾಯಿಲೆ ಬಂದಿಲ್ಲ, ಆದರೆ ಹತ್ತಿರದಲ್ಲಿದೆ.

ಇಂತಹವರಿಗೆ ಆಹಾರ ಮತ್ತು ನಡಿಗೆಯಿಂದ ಎಷ್ಟು ಲಾಭವಾಗುತ್ತದೆ ಎಂಬುದಕ್ಕೆ ಚೆನ್ನೈನ ತಜ್ಞರು ನಡೆಸಿ 2006ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ತಡೆ ಅಧ್ಯಯನವು ಉತ್ತರ ನೀಡಿದೆ. ಹೊಸ್ತಿಲಲ್ಲಿದ್ದವರ ಪೈಕಿ ಸಾಮಾನ್ಯ ಸಲಹೆಯನ್ನಷ್ಟೇ ಪಡೆದ ಗುಂಪಿನಲ್ಲಿ ಮೂರು ವರ್ಷಗಳಲ್ಲಿ ನೂರಕ್ಕೆ 55 ಮಂದಿ ಕಾಯಿಲೆಗೆ ಒಳಗಾದರು. ಆಹಾರ ಮತ್ತು ದೈಹಿಕ ಚಟುವಟಿಕೆಯನ್ನು ತಿದ್ದಿಕೊಂಡ ಗುಂಪಿನಲ್ಲಿ ಈ ಪ್ರಮಾಣ ನೂರಕ್ಕೆ 39 ಆಗಿತ್ತು. ಎಲ್ಲರೂ ಪಾರಾಗಲಿಲ್ಲ. ಆದರೂ ನೂರು ಜನರಲ್ಲಿ ಹದಿನಾರು ಮಂದಿ ಔಷಧವಿಲ್ಲದೆಯೇ ಆ ಅವಧಿಯಲ್ಲಿ ಕಾಯಿಲೆಯಿಂದ ದೂರ ಉಳಿದರು. ಎರಡನೆಯ ಪರೀಕ್ಷೆಗೆ ಹೋಗದವರು ಕಳೆದುಕೊಳ್ಳುವುದು ಈ ಅವಕಾಶವನ್ನೇ.

ತಟ್ಟೆಯಲ್ಲಿ ಏನು ಬದಲಾಗಬೇಕು

ಈ ರೈತರ ದಿನದ ಆಹಾರವನ್ನು ನೋಡೋಣ. ಮಧ್ಯಾಹ್ನ ಎರಡು ದೊಡ್ಡ ರಾಗಿ ಮುದ್ದೆ, ತಿಳಿಸಾರು, ಅದರ ಮೇಲೆ ಅನ್ನ. ರಾತ್ರಿಯೂ ಬಹುತೇಕ ಅದೇ. ನಡುವೆ ನಾಲ್ಕು ಲೋಟ ಚಹಾ.

ರಾಗಿ ತಿಂದರೆ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ರಾಗಿಯಲ್ಲಿ ಬಿಳಿ ಅಕ್ಕಿಗಿಂತ ನಾರಿನಂಶ ಹೆಚ್ಚಿರುವುದು ಸತ್ಯ. ಆದರೆ ರಾಗಿ ಹಿಟ್ಟಿನ ಬಹುಪಾಲು ಪಿಷ್ಟವೇ, ಮತ್ತು ಹೊಟ್ಟೆ ಸೇರಿದ ಪಿಷ್ಟದ ಬಹುಪಾಲು ಸಕ್ಕರೆಯಾಗಿಯೇ ರಕ್ತಕ್ಕೆ ಇಳಿಯುತ್ತದೆ. ಆದ್ದರಿಂದ ರಾಗಿಯೋ ಅಕ್ಕಿಯೋ ಎಂಬುದರಷ್ಟೇ ಅವುಗಳ ಪ್ರಮಾಣವೂ ಮುಖ್ಯ. ಹಿಟ್ಟನ್ನು ತೆಳ್ಳಗೆ ಕಾಯಿಸಿ ಗಂಜಿ ಮಾಡಿ ಕುಡಿದರೆ ಅದು ಇನ್ನೂ ಬೇಗ ಜೀರ್ಣವಾಗಿ ಸಕ್ಕರೆಯನ್ನು ಬೇಗ ಏರಿಸುತ್ತದೆ.

ತಟ್ಟೆಯನ್ನು ಮನಸ್ಸಿನಲ್ಲಿಯೇ ನಾಲ್ಕು ಭಾಗ ಮಾಡಿಕೊಳ್ಳುವುದು ಸುಲಭವಾದ ಕ್ರಮ. ಎರಡು ಭಾಗ ಸೊಪ್ಪು ಮತ್ತು ತರಕಾರಿ, ಒಂದು ಭಾಗ ಬೇಳೆಕಾಳು, ಉಳಿದ ಒಂದು ಭಾಗ ಮಾತ್ರ ಮುದ್ದೆ, ಅನ್ನ ಅಥವಾ ರೊಟ್ಟಿ. ನಮ್ಮ ರೈತರು ಎರಡು ಮುದ್ದೆಯ ಬದಲು ಒಂದು ಸಣ್ಣ ಮುದ್ದೆಯನ್ನು ಇಟ್ಟುಕೊಂಡು, ಮೇಲಿನ ಅನ್ನವನ್ನು ಬಿಟ್ಟು, ತಿಳಿಸಾರಿಗೆ ಬದಲಾಗಿ ಗಟ್ಟಿ ಕಾಳಿನ ಹುಳಿ, ಬಸ್ಸಾರಿನ ಸೊಪ್ಪಿನ ಪಲ್ಯ ಮತ್ತು ಸೌತೆಕಾಯಿ ಕೋಸಂಬರಿ ತಿಂದರೆ ಹೊಟ್ಟೆಯೂ ತುಂಬುತ್ತದೆ, ಸಕ್ಕರೆಯೂ ನಿಧಾನವಾಗಿ ಏರುತ್ತದೆ. ಉತ್ತರದ ಜಿಲ್ಲೆಗಳಲ್ಲಿ ಜೋಳದ ರೊಟ್ಟಿಯನ್ನು ಕಡಿಮೆ ಮಾಡಿ ಹೆಸರುಕಾಳು ಮತ್ತು ಸೊಪ್ಪಿನ ಪಲ್ಯವನ್ನು ಹೆಚ್ಚಿಸಬೇಕು. ಕರಾವಳಿಯ ಕುಚ್ಚಲಕ್ಕಿ ಅನ್ನಕ್ಕೂ ಇದೇ ಅಳತೆ ಅನ್ವಯಿಸುತ್ತದೆ.

ಚಹಾದ ಲೆಕ್ಕವೂ ಚಿಕ್ಕದಲ್ಲ. ಲೋಟಕ್ಕೆ ಎರಡು ಚಮಚದಂತೆ ನಾಲ್ಕು ಲೋಟಕ್ಕೆ ಎಂಟು ಚಮಚ, ಅಂದರೆ ದಿನಕ್ಕೆ ಸುಮಾರು 40 ಗ್ರಾಂ, ತಿಂಗಳಿಗೆ ಒಂದು ಕಿಲೋಗ್ರಾಂ ಮೀರಿದ ಸಕ್ಕರೆ. ಬದಲಿಗೆ ಬೆಲ್ಲ ಬಳಸಿದರೆ ತೊಂದರೆಯಿಲ್ಲ ಎಂಬ ಮಾತು ಸರಿಯಲ್ಲ. ಬೆಲ್ಲದ ಬಹುಪಾಲು ಸಕ್ಕರೆಯೇ. ಎರಡು ಚಮಚದಿಂದ ಒಂದಕ್ಕೆ, ಒಂದರಿಂದ ಅರ್ಧಕ್ಕೆ ಇಳಿಸುತ್ತಾ ಬಂದರೆ ನಾಲಿಗೆಯೂ ಹೊಂದಿಕೊಳ್ಳುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಈಗಾಗಲೇ ಮಾತ್ರೆ ಅಥವಾ ಇನ್ಸುಲಿನ್ ಪಡೆಯುತ್ತಿರುವವರು ವೈದ್ಯರನ್ನು ಕೇಳದೆ ಊಟವನ್ನು ದಿಢೀರನೆ ಕಡಿತಗೊಳಿಸಬಾರದು, ಉಪವಾಸ ಮಾಡಬಾರದು. ಸಕ್ಕರೆ ತೀರಾ ಇಳಿದರೆ ಬೆವರು, ನಡುಕ, ತಲೆಸುತ್ತು ಕಾಣಿಸುತ್ತದೆ. ಎಚ್ಚರವಿದ್ದು ನುಂಗಲು ಶಕ್ತರಾದವರಿಗೆ ಆಗ ತಕ್ಷಣ ಸಕ್ಕರೆ ನೀರು ಕೊಡಬೇಕು. ಹಾಗೆಯೇ, ಒಮ್ಮೆ ಅಂಕಿ ಸಹಜವಾಗಿ ಬಂದಿತೆಂದು ಮಾತ್ರೆಯನ್ನು ನಿಲ್ಲಿಸಬಾರದು. ಆ ಅಂಕಿ ಬಂದಿರುವುದು ಮಾತ್ರೆಯ ಫಲವಾಗಿಯೇ ಇರಬಹುದು.

ಸದಸ್ಯರು ಮಾಡಬಹುದಾದ ಕಾರ್ಯ

ಮಧ್ಯಾಹ್ನದ ಶಿಬಿರಕ್ಕೆ ಯಾರೂ ಖಾಲಿ ಹೊಟ್ಟೆಯಲ್ಲಿ ಬರಲಾರರು. ಆದ್ದರಿಂದ ಶಂಕಿತರ ಎರಡನೆಯ ಪರೀಕ್ಷೆಯನ್ನು ಬೆಳಿಗ್ಗೆ, ಜನರು ಹೊಲಕ್ಕೆ ಹೊರಡುವ ಮೊದಲು, ನಡೆಸಿಕೊಡುವಂತೆ ಸಮುದಾಯ ಆರೋಗ್ಯ ಅಧಿಕಾರಿಯೊಂದಿಗೆ ಮಾತನಾಡಿ ದಿನ ಗೊತ್ತುಪಡಿಸಬಹುದು. ಹಿಂದಿನ ರಾತ್ರಿಯ ಊಟದ ನಂತರ ನೀರನ್ನು ಬಿಟ್ಟು ಬೇರೇನನ್ನೂ ಸೇವಿಸಬಾರದು, ಚಹಾವನ್ನೂ ಕುಡಿಯಬಾರದು ಎಂಬ ಸೂಚನೆ ಆಶಾ ಕಾರ್ಯಕರ್ತೆಯರ ಮೂಲಕ ಮುಂಚಿನ ದಿನವೇ ಮನೆಗಳಿಗೆ ತಲುಪಬೇಕು.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಯ ಸಭೆಯಲ್ಲಿ ಮೂರು ಸಂಖ್ಯೆಗಳನ್ನು ಕೇಳಿರಿ: ವಾರ್ಡಿನಲ್ಲಿ ಪರೀಕ್ಷೆಗೊಳಗಾದ ನಲವತ್ತು ದಾಟಿದವರು ಎಷ್ಟು, 140 ಮೀರಿದವರು ಎಷ್ಟು, ಅವರಲ್ಲಿ ಎರಡನೆಯ ಪರೀಕ್ಷೆ ಮುಗಿಸಿದವರು ಎಷ್ಟು. ಕೊನೆಯ ಎರಡು ಸಂಖ್ಯೆಗಳ ನಡುವಿನ ಅಂತರವೇ ಆ ವಾರ್ಡಿನಲ್ಲಿ ಬಾಕಿ ಉಳಿದಿರುವ ಕೆಲಸ.

ಕೇಳಬೇಕಾದುದು ಸಂಖ್ಯೆಗಳನ್ನು ಮಾತ್ರ. ಯಾರ ಹೆಸರನ್ನಾಗಲಿ, ಅಂಕಿಯನ್ನಾಗಲಿ ಸಭೆಯಲ್ಲಿ ಓದಬಾರದು. ಹೆಣ್ಣು ಗಂಡಿನ ಸಂಬಂಧ ಕೂಡಿಬರುವ ಮನೆಗಳಲ್ಲಿ ಕಾಯಿಲೆಯ ಸುದ್ದಿ ಹರಡುವ ಅಂಜಿಕೆಯಿಂದಲೇ ಎಷ್ಟೋ ಜನ ಪರೀಕ್ಷೆಯಿಂದ ದೂರ ಉಳಿಯುತ್ತಾರೆ. ಬಾಕಿ ಉಳಿದವರ ಮನೆಗೆ ಆಶಾ ಕಾರ್ಯಕರ್ತೆಯೇ ಹೋಗಿ ಮಾತನಾಡುವುದು ಸೂಕ್ತ. ಸಹಜ ಅಂಕಿ ಬಂದವರಿಗೆ ಮುಂದಿನ ವರ್ಷ ಇದೇ ತಿಂಗಳಲ್ಲಿ, ಹೊಸ್ತಿಲಲ್ಲಿರುವವರಿಗೆ ವೈದ್ಯರು ಸೂಚಿಸಿದ ಅವಧಿಯಲ್ಲಿ ಮರುಪರೀಕ್ಷೆ ಆಗಬೇಕು. ಆ ದಿನಾಂಕವನ್ನು ಶಿಬಿರದ ಚೀಟಿಯ ಮೇಲೆಯೇ ಬರೆದುಕೊಡುವಂತೆ ನೋಡಿಕೊಳ್ಳುವುದು.